‘ಅಭಿಪ್ರೇರಣೆ’ಯನ್ನು ಅಳೆಯುವುದು ಹೇಗೆ? ವ್ಯಾಖ್ಯೆಯಿಂದ ಹದಿನಾರು ವಾಕ್ಯಗಳವರೆಗೆ

ಎಂ.ಎಡ್. ಪ್ರಬಂಧಕ್ಕೆಂದು ನಾನು ಮೊದಲು ಮಾಡಿದ ಪ್ರಶ್ನಾವಳಿಯಲ್ಲಿ ಒಂದು ವಾಕ್ಯ ಇತ್ತು: ‘ನನಗೆ ಗಣಿತ ಓದಬೇಕು ಅನಿಸುತ್ತದೆ.’ ಒಂಬತ್ತನೇ ತರಗತಿಯ ಇಬ್ಬರು ಹುಡುಗಿಯರು ಇದರ ಮುಂದೆ ‘ತುಂಬಾ ನಿಜ’ ಅಂತ ಟಿಕ್ ಹಾಕಿದ್ದರು. ಆಮೇಲೆ ಇಬ್ಬರನ್ನೂ ಕೂರಿಸಿಕೊಂಡು ಯಾಕೆ ಅಂತ ಕೇಳಿದೆ. ‘ಲೆಕ್ಕ ಬಿಡಿಸ್ತಾ ಇದ್ರೆ ಮಜಾ ಬರುತ್ತೆ ಮಿಸ್’ ಅಂದಳು ಒಬ್ಬಳು. ‘ಓದ್ಲೇಬೇಕಲ್ವಾ ಮಿಸ್, ಇಲ್ಲಾಂದ್ರೆ ಅಪ್ಪ ಬಿಡ್ತಾರಾ?’ ಅಂದಳು ಇನ್ನೊಬ್ಬಳು.

ನನ್ನ ಹಾಳೆಯಲ್ಲಿ ಇಬ್ಬರಿಗೂ 4 ಅಂಕ. ಕನ್ನಡದ ‘ಬೇಕು’ ಆಸೆಯನ್ನೂ ಹೇಳುತ್ತದೆ, ಬಲವಂತವನ್ನೂ ಹೇಳುತ್ತದೆ. ನಾನು ಬೇರ್ಪಡಿಸಲು ಹೊರಟಿದ್ದೇ ಆ ಎರಡನ್ನು. ತಪ್ಪು ವಾಕ್ಯದಲ್ಲಿ ಕಂಡಿತು ನಿಜ, ಆದರೆ ಹುಟ್ಟಿದ್ದು ಅಲ್ಲಲ್ಲ. ಅಭಿಪ್ರೇರಣೆ ಅಂದರೆ ಏನು ಅಂತ ತೀರ್ಮಾನಿಸದೆ ವಾಕ್ಯ ಬರೆಯಲು ಕೂತಿದ್ದೆ. ಹಾಗಾಗಿ ಈ ಮಾರ್ಗದರ್ಶಿ ವಾಕ್ಯದಿಂದ ಶುರುವಾಗುವುದಿಲ್ಲ. ವಾಕ್ಯ ಬರುವುದು ಅರ್ಧ ದಾರಿ ಕಳೆದ ಮೇಲೆ.

ಹಂತ 1: ಯಾರ, ಯಾವುದರ ಬಗೆಗಿನ ಅಭಿಪ್ರೇರಣೆ?

‘ವಿದ್ಯಾರ್ಥಿಗಳ ಅಭಿಪ್ರೇರಣೆ’ ಅನ್ನುವುದು ಶೀರ್ಷಿಕೆಗೆ ಚೆನ್ನ, ಅಳತೆಗೆ ತೀರಾ ದೊಡ್ಡದು. ಒಂದೇ ಹುಡುಗ ಕಬಡ್ಡಿಗೆ ಬೆಳಿಗ್ಗೆ ಐದಕ್ಕೆ ಏಳುತ್ತಾನೆ, ಇಂಗ್ಲಿಷ್ ಪೀರಿಯಡ್‌ನಲ್ಲಿ ತೂಕಡಿಸುತ್ತಾನೆ. ಅವನಿಗೆ ಅಭಿಪ್ರೇರಣೆ ಇದೆಯಾ ಇಲ್ಲವಾ ಅಂತ ಕೇಳಿದರೆ ಉತ್ತರವೇ ಇಲ್ಲ.

ಆದ್ದರಿಂದ ಮೊದಲು ಮೂರು ವಿಷಯ ಬರೆದಿಡಿ: ಯಾರು, ಯಾವ ಕೆಲಸ, ಯಾವ ಸಮಯ. ನಮ್ಮ ಉದಾಹರಣೆಗೆ ಹೀಗೆ ಇಟ್ಟುಕೊಳ್ಳೋಣ. ಕನ್ನಡ ಮಾಧ್ಯಮದ ಸರ್ಕಾರಿ ಪ್ರೌಢಶಾಲೆಯ ಒಂಬತ್ತನೇ ತರಗತಿಯ ಮಕ್ಕಳು. ಕೆಲಸ, ಗಣಿತದ ಹೋಮ್‌ವರ್ಕ್. ಸಮಯ, ಈ ಶಾಲಾ ವರ್ಷ. ಹತ್ತನೇ ತರಗತಿಯನ್ನು ಬೇಕೆಂದೇ ಬಿಟ್ಟಿದ್ದೇನೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಾಗ ಎಲ್ಲರ ಉತ್ತರವೂ ಪರೀಕ್ಷೆಯ ಬಣ್ಣಕ್ಕೆ ತಿರುಗುತ್ತದೆ.

ಹೋಮ್‌ವರ್ಕೇ ಯಾಕೆ? ಮಕ್ಕಳಿಗೆ ‘ಗಣಿತ ಕಲಿಕೆ’ ಅಂದರೆ ಮಸುಕು ಮಸುಕು, ‘ನಿನ್ನೆಯ ಹೋಮ್‌ವರ್ಕ್’ ಅಂದರೆ ಸ್ಪಷ್ಟ. ನೆನಪಿಗೆ ತಕ್ಷಣ ಬರುವ ಕೆಲಸದ ಬಗ್ಗೆ ಕೇಳಿದರೆ ಉತ್ತರ ಊಹೆಯಾಗುವುದಿಲ್ಲ.

ಹಂತ 2: ಪರಿಕಲ್ಪನೆಯ ವ್ಯಾಖ್ಯೆ

ಇಲ್ಲಿ ಬಹಳ ಪ್ರಬಂಧಗಳು ನಾಲ್ಕೈದು ಪುಸ್ತಕದ ವ್ಯಾಖ್ಯೆಗಳನ್ನು ಸಾಲಾಗಿ ಜೋಡಿಸಿ ಮುಂದಕ್ಕೆ ಹೋಗುತ್ತವೆ. ಅದರಿಂದ ಏನೂ ಆಗುವುದಿಲ್ಲ. ನಿಮಗೆ ಬೇಕಾಗಿರುವುದು ಒಂದೇ ವ್ಯಾಖ್ಯೆ, ಅದೂ ಒಂದು ಸಿದ್ಧಾಂತದ ಕಡೆ ನಿಂತು ಹೇಳಿದ್ದು.

ನಾನು ಆರಿಸಿಕೊಂಡಿದ್ದು ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಕಟ್ಟಿದ ಸ್ವಯಂ-ನಿರ್ಧಾರ ಸಿದ್ಧಾಂತವನ್ನು. ಅದರ ಮುಖ್ಯ ಮಾತು ಸರಳವಾಗಿದೆ. ಅಭಿಪ್ರೇರಣೆಯಲ್ಲಿ ‘ಎಷ್ಟು’ ಅನ್ನುವುದಕ್ಕಿಂತ ‘ಯಾಕೆ’ ಅನ್ನುವುದು ಮುಖ್ಯ. ಬೈಗುಳಕ್ಕೆ ಹೆದರಿ ಒಂದು ಗಂಟೆ ಓದುವುದು, ಖುಷಿಯಿಂದ ಒಂದು ಗಂಟೆ ಓದುವುದು ಗಡಿಯಾರಕ್ಕೆ ಒಂದೇ, ಮಗುವಿಗೆ ಒಂದೇ ಅಲ್ಲ. ನನ್ನ ಇಬ್ಬರು ಹುಡುಗಿಯರ ಕಥೆಯೂ ಇದೇ ಅಲ್ವಾ?

ಹಾಗಾಗಿ ವ್ಯಾಖ್ಯೆ ಹೀಗಾಗುತ್ತದೆ: *ಗಣಿತದ ಹೋಮ್‌ವರ್ಕ್ ಮಾಡಲು ವಿದ್ಯಾರ್ಥಿಯನ್ನು ಹಚ್ಚುವ ಕಾರಣಗಳು, ಮತ್ತು ಆ ಕಾರಣಗಳು ಎಷ್ಟರ ಮಟ್ಟಿಗೆ ಅವರವೇ ಆಗಿವೆ ಅನ್ನುವುದು.*

ವ್ಯಾಖ್ಯೆಯ ಜತೆಗೆ ಇನ್ನೊಂದು ಪಟ್ಟಿ ಮಾಡಿ, ಯಾವುದು ಇದರಲ್ಲಿ ಸೇರಿಲ್ಲ ಅಂತ. ಅಂಕ ಸೇರಿಲ್ಲ. ‘ನನಗೆ ಗಣಿತ ಬರುತ್ತದೆ’ ಅನ್ನುವ ಆತ್ಮವಿಶ್ವಾಸ ಸೇರಿಲ್ಲ. ಟೀಚರ್ ಬಗೆಗಿನ ಪ್ರೀತಿಯೂ ಸೇರಿಲ್ಲ. ಈ ಪಟ್ಟಿ ಮುಂದೆ ತುಂಬಾ ಕೆಲಸಕ್ಕೆ ಬರುತ್ತದೆ. ವಾಕ್ಯ ಬರೆಯುವಾಗ ‘ನಾನು ಗಣಿತದಲ್ಲಿ ಚುರುಕು’ ಅನ್ನುವಂಥದ್ದು ಸದ್ದಿಲ್ಲದೆ ಒಳಗೆ ನುಸುಳುತ್ತದೆ. ಆಮೇಲೆ ನೀವು ‘ಅಭಿಪ್ರೇರಣೆಗೂ ಅಂಕಕ್ಕೂ ಸಂಬಂಧ ಇದೆ’ ಅಂತ ಬರೆದರೆ, ಆ ಸಂಬಂಧದ ಒಂದು ಪಾಲನ್ನು ನೀವೇ ಒಳಗೆ ಇಟ್ಟಿರುತ್ತೀರಿ.

ಹಂತ 3: ಆಯಾಮಗಳು

ಸಿದ್ಧಾಂತವೇ ಇಲ್ಲಿ ದಾರಿ ತೋರಿಸುತ್ತದೆ. ಕಾರಣಗಳನ್ನು ‘ಪೂರ್ತಿ ಹೊರಗಿನದು’ ಅನ್ನುವುದರಿಂದ ‘ಪೂರ್ತಿ ನನ್ನದೇ’ ಅನ್ನುವವರೆಗೆ ಒಂದು ಸಾಲಿನಲ್ಲಿ ಇಡಬಹುದು. ರಯಾನ್ ಮತ್ತು ಕಾನೆಲ್ 1989ರಲ್ಲಿ ಶಾಲಾ ಮಕ್ಕಳಿಗೆ ಇದೇ ರೀತಿಯ ಪ್ರಶ್ನಾವಳಿ ಕೊಟ್ಟಿದ್ದರು. ಅದರಲ್ಲಿ ನಾಲ್ಕು ಬಗೆಯ ಕಾರಣಗಳಿವೆ. ಅವಕ್ಕೆ ನಾನು ಮಾಡಿಕೊಂಡ ಅಡ್ಡಹೆಸರುಗಳನ್ನೇ ಇಲ್ಲಿ ಬಳಸುತ್ತೇನೆ.

ಮೊದಲನೆಯದು ಹೊರ ಒತ್ತಡ: ಬೈಗುಳ, ಶಿಕ್ಷೆ, ನಿಯಮ. ಎರಡನೆಯದು ಒಳ ಒತ್ತಡ: ಹೊರಗೆ ಯಾರೂ ಕೋಲು ಹಿಡಿದು ನಿಂತಿಲ್ಲ, ಆದರೆ ನಾಚಿಕೆ, ತಪ್ಪಿತಸ್ಥ ಭಾವನೆ ಒಳಗಿನಿಂದಲೇ ತಿವಿಯುತ್ತದೆ. ಮೂರನೆಯದು ಒಪ್ಪಿಗೆ: ಕೆಲಸ ಅಷ್ಟೇನೂ ಖುಷಿ ಕೊಡದಿದ್ದರೂ ಇದರಿಂದ ನನಗೆ ಉಪಯೋಗ ಇದೆ ಅಂತ ತಿಳಿದು ಮಾಡುವುದು. ನಾಲ್ಕನೆಯದು ಖುಷಿ: ಕೆಲಸವೇ ಬಹುಮಾನ.

ಗೊಂದಲ ಜಾಸ್ತಿ ಆಗುವುದು ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ. ಎರಡೂ ಮಗುವಿನ ಒಳಗಿನಿಂದಲೇ ಬರುತ್ತವೆ. ಬೇರೆ ಮಾಡಲು ಒಂದು ಉಪಾಯ ಇದೆ: ಹೋಮ್‌ವರ್ಕ್ ಬಿಟ್ಟರೆ ಮಗು ‘ನಾನು ಕೆಟ್ಟವಳು’ ಅಂದುಕೊಳ್ಳುತ್ತದಾ, ‘ಛೆ, ಆ ಪಾಠ ತಪ್ಪಿಹೋಯಿತು’ ಅಂದುಕೊಳ್ಳುತ್ತದಾ? ಮೊದಲನೆಯದು ಒಳ ಒತ್ತಡ, ಎರಡನೆಯದು ಒಪ್ಪಿಗೆ.

ಹಂತ 4: ಸೂಚಕಗಳು

ಸೂಚಕ ಅಂದರೆ, ಈ ಕಾರಣ ಮಗುವಿನಲ್ಲಿ ಇದೆ ಅನ್ನುವುದಕ್ಕೆ ನಾವು ಹಿಡಿಯಬಹುದಾದ ಗುರುತು. ಇಲ್ಲಿ ಎಲ್ಲರೂ ಮೊದಲು ಕೈ ಹಾಕುವುದು ಹಾಜರಾತಿಗೆ. ಪುಸ್ತಕ ಸಿದ್ಧವಾಗಿಯೇ ಇರುತ್ತದಲ್ಲ! ಆದರೆ ಹಾಜರಾತಿ ಬಸ್ಸನ್ನು ಅಳೆಯುತ್ತದೆ, ಕೊಯ್ಲನ್ನು ಅಳೆಯುತ್ತದೆ, ಮನೆಯಲ್ಲಿ ಚಿಕ್ಕ ತಮ್ಮನನ್ನು ನೋಡಿಕೊಳ್ಳುವವರು ಇದ್ದಾರಾ ಅನ್ನುವುದನ್ನು ಅಳೆಯುತ್ತದೆ. ಹೋಮ್‌ವರ್ಕ್ ಪೂರ್ತಿ ಮಾಡಿದ್ದಾರಾ ಅನ್ನುವುದೂ ಸಾಲದು. ನಾಲ್ಕೂ ಬಗೆಯ ಕಾರಣದಿಂದ ಹೋಮ್‌ವರ್ಕ್ ಪೂರ್ತಿ ಆಗಬಹುದು. ನಾವು ಬೇರ್ಪಡಿಸಬೇಕೆಂದಿರುವುದನ್ನು ಆ ಗುರುತು ಬೇರ್ಪಡಿಸುವುದಿಲ್ಲ.

ಕಾರಣ ಗೊತ್ತಿರುವುದು ಮಗುವಿಗೆ ಮಾತ್ರ. ಆದ್ದರಿಂದ ಪ್ರಶ್ನಾವಳಿ ಬೇಕೇ ಬೇಕು. ಆದರೂ ನಡವಳಿಕೆಯ ಒಂದು ಸೂಚಕ ಇಟ್ಟುಕೊಂಡರೆ ಒಳ್ಳೆಯದು. 1971ರಲ್ಲಿ ಡೆಸಿ ಕಾಲೇಜು ವಿದ್ಯಾರ್ಥಿಗಳಿಗೆ ಸೋಮಾ ಅನ್ನುವ ತುಂಡುಗಳ ಒಗಟು ಕೊಟ್ಟು, ಮಧ್ಯೆ ನೆಪ ಹೇಳಿ ಎಂಟು ನಿಮಿಷ ಹೊರಗೆ ಹೋಗುತ್ತಿದ್ದರು. ಕೋಣೆಯಲ್ಲಿ ಪತ್ರಿಕೆಗಳೂ ಇದ್ದವು. ಯಾರೂ ಹೇಳದೆ ಇರುವಾಗ ಒಗಟಿನ ಮೇಲೆ ಎಷ್ಟು ಹೊತ್ತು ಕಳೆದರು ಅನ್ನುವುದೇ ಅಳತೆ. ನಮಗೂ ಇದರ ಚಿಕ್ಕ ರೂಪ ಸಾಧ್ಯ. ಕೊನೆಯ ಹಂತದಲ್ಲಿ ಹೇಳುತ್ತೇನೆ.

ಪ್ರತಿ ಆಯಾಮಕ್ಕೆ ನಾಲ್ಕು ಸೂಚಕ ಬರೆಯಿರಿ, ವಾಕ್ಯವಾಗಿ ಅಲ್ಲ, ಟಿಪ್ಪಣಿಯಾಗಿ. ಒಳ ಒತ್ತಡಕ್ಕೆ ನನ್ನ ಟಿಪ್ಪಣಿ ಹೀಗಿತ್ತು: ನಾಚಿಕೆ; ಮನಸ್ಸು ಚುಚ್ಚುವುದು; ಟೀಚರ್ ಕಣ್ಣಿಗೆ ಒಳ್ಳೆಯವರಾಗುವ ಆಸೆ; ಹಿಂದೆ ಬಿದ್ದರೆ ತನ್ನ ಮೇಲೆ ಸಿಟ್ಟು. ನಾಲ್ಕೂ ಒಂದೇ ಮಾತಿನ ನಾಲ್ಕು ರೂಪ ಆಗಬಾರದು. ‘ನಾಚಿಕೆ’ಯನ್ನೇ ನಾಲ್ಕು ಸಲ ಕೇಳಿದರೆ ಅಂಕಿಗಳು ಚೆನ್ನಾಗಿ ಹೊಂದಿಕೊಳ್ಳುತ್ತವೆ, ಆದರೆ ಅಳೆದದ್ದು ನಾಚಿಕೆ ಮಾತ್ರ.

ಹಂತ 5: ವಾಕ್ಯಗಳು

ಕೆಲವು ಇಂಗ್ಲಿಷ್ ಪ್ರಶ್ನಾವಳಿಗಳಲ್ಲಿ ‘ನಾನು ಹೋಮ್‌ವರ್ಕ್ ಮಾಡುತ್ತೇನೆ, ಏಕೆಂದರೆ…’ ಅಂತ ಅರ್ಧ ವಾಕ್ಯ ಮೇಲಿರುತ್ತದೆ, ಕೆಳಗೆ ಬಾಲಗಳು. ಕನ್ನಡದಲ್ಲಿ ಕಾರಣ ಮೊದಲು ಬಂದು ಕೆಲಸ ಆಮೇಲೆ ಬರುವುದು ವಾಡಿಕೆ. ಬಾಲ ಕತ್ತರಿಸಿ ಇಟ್ಟರೆ ಮಕ್ಕಳು ಹತ್ತನೇ ವಾಕ್ಯದ ಹೊತ್ತಿಗೆ ತಲೆಯನ್ನೇ ಮರೆತಿರುತ್ತಾರೆ. ಹಾಗಾಗಿ ನಾನು ಪ್ರಶ್ನೋತ್ತರದ ರೂಪ ಬಳಸಿದೆ. ಮೇಲೆ ಒಂದೇ ಪ್ರಶ್ನೆ: ನಾನು ಗಣಿತದ ಹೋಮ್‌ವರ್ಕ್ ಯಾಕೆ ಮಾಡುತ್ತೇನೆ? ಕೆಳಗೆ ಉತ್ತರಗಳು.

ಹೊರ ಒತ್ತಡ:
- ಮಾಡದಿದ್ದರೆ ಟೀಚರ್ ಬೈಯುತ್ತಾರೆ, ಅದಕ್ಕೆ.
- ಮಾಡದಿದ್ದರೆ ಕ್ಲಾಸಿನಲ್ಲಿ ಎದ್ದು ನಿಲ್ಲಿಸುತ್ತಾರೆ, ಅದಕ್ಕೆ.
- ಮನೆಯಲ್ಲಿ ‘ಮಾಡು’ ಅಂತ ಹೇಳುತ್ತಾರೆ, ಅದಕ್ಕೆ.
- ಎಲ್ಲರೂ ಮಾಡಲೇಬೇಕು ಅಂತ ನಿಯಮ ಇದೆ, ಅದಕ್ಕೆ.

ಒಳ ಒತ್ತಡ:
- ಮಾಡದಿದ್ದರೆ ನನಗೆ ನಾಚಿಕೆ ಆಗುತ್ತದೆ, ಅದಕ್ಕೆ.
- ಮಾಡದಿದ್ದರೆ ತಪ್ಪು ಮಾಡಿದೆ ಅಂತ ಮನಸ್ಸು ಚುಚ್ಚುತ್ತದೆ, ಅದಕ್ಕೆ.
- ಟೀಚರ್ ನನ್ನನ್ನು ಒಳ್ಳೆಯ ವಿದ್ಯಾರ್ಥಿ ಅಂದುಕೊಳ್ಳಲಿ ಅಂತ.
- ಬೇರೆಯವರಿಗಿಂತ ಹಿಂದೆ ಬಿದ್ದರೆ ನನ್ನ ಮೇಲೇ ನನಗೆ ಸಿಟ್ಟು ಬರುತ್ತದೆ, ಅದಕ್ಕೆ.

ಒಪ್ಪಿಗೆ:
- ಪಾಠ ನನಗೆ ಸರಿಯಾಗಿ ಅರ್ಥ ಆಗಲಿ ಅಂತ.
- ನಾನು ಎಲ್ಲಿ ತಪ್ಪು ಮಾಡುತ್ತೇನೆ ಅಂತ ಗೊತ್ತಾಗಲಿ ಅಂತ.
- ನಾನು ಮುಂದೆ ಮಾಡಬೇಕೆಂದಿರುವ ಕೆಲಸಕ್ಕೆ ಗಣಿತ ಉಪಯೋಗಕ್ಕೆ ಬರುತ್ತದೆ, ಅದಕ್ಕೆ.
- ಅಂಗಡಿ, ಸಂತೆಯಲ್ಲಿ ಲೆಕ್ಕ ನಾನೇ ಮಾಡಲು ಬರಲಿ ಅಂತ.

ಖುಷಿ:
- ಲೆಕ್ಕ ಬಿಡಿಸುವುದು ನನಗೆ ಖುಷಿ ಕೊಡುತ್ತದೆ, ಅದಕ್ಕೆ.
- ಉತ್ತರ ಹೇಗೆ ಬರುತ್ತದೆ ಅಂತ ನೋಡುವ ಆಸೆ, ಅದಕ್ಕೆ.
- ಕಷ್ಟದ ಲೆಕ್ಕ ಸಿಕ್ಕರೆ ನನಗೆ ಇಷ್ಟ, ಅದಕ್ಕೆ.
- ಲೆಕ್ಕ ಮಾಡುತ್ತಾ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ, ಅದಕ್ಕೆ.

ಕೊಡುವಾಗ ಗುಂಪಿನ ಹೆಸರು ತೆಗೆದು ಎಲ್ಲವನ್ನೂ ಕಲಸಿ ಇಡಿ. ಖುಷಿಯ ನಾಲ್ಕೂ ಒಟ್ಟಿಗೆ ಬಂದರೆ ಮಕ್ಕಳು ಮೊದಲನೆಯದಕ್ಕೆ ಹಾಕಿದ ಟಿಕ್ಕನ್ನೇ ಕೆಳಗೆ ಎಳೆಯುತ್ತಾರೆ.

ಈ ಹದಿನಾರರ ಹಿಂದೆ ಬಿಸಾಕಿದ ವಾಕ್ಯಗಳು ಇನ್ನೂ ಹೆಚ್ಚು. ಮೂರನ್ನು ಮಾತ್ರ ಹೇಳುತ್ತೇನೆ. ‘ಗಣಿತ ಸುಲಭ ಮತ್ತು ಖುಷಿ’ ಅನ್ನುವುದರಲ್ಲಿ ಎರಡು ಪ್ರಶ್ನೆ ಇದೆ. ಕಷ್ಟ ಆದರೂ ಖುಷಿ ಅನ್ನುವ ಮಗು ಎಲ್ಲಿ ಟಿಕ್ ಹಾಕಬೇಕು? ‘ಹೋಮ್‌ವರ್ಕ್ ಅಂದರೆ ಬೇಜಾರು’ ಅನ್ನುವುದು ಕನ್ನಡದ್ದೇ ಆದ ಬಲೆ. ‘ಬೇಜಾರು’ ಅಂದರೆ ಬೋರ್ ಆಗುವುದೂ ಹೌದು, ದುಃಖವೂ ಹೌದು, ಮುನಿಸೂ ಹೌದು. ಇನ್ನು ‘ನನಗೆ ಲೆಕ್ಕ ಇಷ್ಟ ಇಲ್ಲ’. ಮುಂದೆ ‘ನಿಜ ಅಲ್ಲ’ ಅನ್ನುವ ಉತ್ತರ ಇದ್ದರೆ ಎರಡು ಇಲ್ಲಗಳು ಸೇರಿ ಮಕ್ಕಳ ತಲೆ ತಿರುಗುತ್ತದೆ. ಕಣ್ಣು ಮುಚ್ಚಿ ಟಿಕ್ ಹಾಕುವವರನ್ನು ಹಿಡಿಯಲು ಉಲ್ಟಾ ವಾಕ್ಯ ಸೇರಿಸಿ ಅಂತ ಹಲವರು ಹೇಳುತ್ತಾರೆ. ಈ ವಯಸ್ಸಿಗೆ ನಾನು ಸೇರಿಸುವುದಿಲ್ಲ. ಹಿಡಿಯುವುದಕ್ಕಿಂತ ಕೆಡಿಸುವುದೇ ಜಾಸ್ತಿ.

ಉತ್ತರದ ಮನೆಗಳು ನಾಲ್ಕು: ತುಂಬಾ ನಿಜ (4), ಸ್ವಲ್ಪ ನಿಜ (3), ಅಷ್ಟೇನೂ ನಿಜ ಅಲ್ಲ (2), ಸ್ವಲ್ಪವೂ ನಿಜ ಅಲ್ಲ (1). ಮಧ್ಯದ ‘ಗೊತ್ತಿಲ್ಲ’ ಮನೆ ಬಿಟ್ಟಿದ್ದೇನೆ. ಅದು ಇದ್ದರೆ ಮಕ್ಕಳು ಅಲ್ಲೇ ಬಿಡಾರ ಹೂಡುತ್ತಾರೆ.

ಒಂದು ಕೊರತೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಹೋಮ್‌ವರ್ಕ್ ಮಾಡುವುದೇ ಇಲ್ಲ ಅನ್ನುವ ಮಗುವಿಗೆ ‘ಯಾಕೆ ಮಾಡುತ್ತೇನೆ’ ಅನ್ನುವ ಪ್ರಶ್ನೆಗೆ ಅರ್ಥವಿಲ್ಲ. ಅದಕ್ಕೇ ಎಲ್ಲಕ್ಕಿಂತ ಮೊದಲು ‘ಹೋದ ವಾರ ಎಷ್ಟು ದಿನ ಗಣಿತದ ಹೋಮ್‌ವರ್ಕ್ ಮಾಡಿದೆ?’ ಅಂತ ಕೇಳಿ. ಸೊನ್ನೆ ಅಂದವರನ್ನು ಬೇರೆ ಗುಂಪಾಗಿ ಇಡಿ, ಉಳಿದವರ ಸರಾಸರಿಯಲ್ಲಿ ಬೆರೆಸಬೇಡಿ.

ಹಂತ 6: ಆರು ಮಕ್ಕಳ ಜತೆ ಮಾತು

ಅಚ್ಚು ಹಾಕಿಸುವ ಮೊದಲು ಆರರಿಂದ ಎಂಟು ಮಕ್ಕಳ ಜತೆ ಒಬ್ಬೊಬ್ಬರಾಗಿ ಕೂರಿ. ಚೆನ್ನಾಗಿ ಓದುವವರನ್ನೇ ಟೀಚರ್ ಕಳಿಸುತ್ತಾರೆ. ಬೇಡ, ಎಲ್ಲ ಥರದವರೂ ಬರಲಿ ಅನ್ನಿ. ಮಗು ವಾಕ್ಯವನ್ನು ಜೋರಾಗಿ ಓದಲಿ, ಆಮೇಲೆ ತನ್ನ ಮಾತಿನಲ್ಲಿ ಹೇಳಲಿ, ಆಮೇಲೆ ಟಿಕ್ ಹಾಕಿ ಯಾಕೆ ಅಂತ ಹೇಳಲಿ. ‘ಅರ್ಥ ಆಯ್ತಾ?’ ಅಂತ ಮಾತ್ರ ಕೇಳಬೇಡಿ. ‘ಹೂಂ’ ಅನ್ನುವ ಉತ್ತರ ಮೊದಲೇ ಸಿದ್ಧ ಇರುತ್ತದೆ.

ಮೇಲಿನ ಪಟ್ಟಿಯಲ್ಲಿ ‘ನೋಡುವ ಆಸೆ’ ಅಂತ ಇರುವ ಕಡೆ ನಾನು ಮೊದಲು ‘ಕುತೂಹಲ’ ಅಂತ ಬರೆದಿದ್ದೆ. ಇಬ್ಬರು ಅದನ್ನು ಓದುವುದರಲ್ಲೇ ತಡವರಿಸಿದರು. ‘ಕಷ್ಟದ ಲೆಕ್ಕದ ಜತೆ ಗುದ್ದಾಡುವುದು ಇಷ್ಟ’ ಅಂತ ಬರೆದಾಗ ಒಬ್ಬ ಹುಡುಗ ನಕ್ಕು, ‘ಗುದ್ದಾಡೋದು ಯಾರ ಜತೆ ಮಿಸ್?’ ಅಂದ. ‘ಬೇಕು ಅನಿಸುತ್ತದೆ’ ಸತ್ತಿದ್ದೂ ಇಂಥ ಮಾತಿನಲ್ಲೇ. ಇಲ್ಲಿ ಸಿಕ್ಕಷ್ಟು ತಪ್ಪು ನನಗೆ ಯಾವ ಅಂಕಿ ಅಂಶದಲ್ಲೂ ಸಿಕ್ಕಿಲ್ಲ.

ಹಂತ 7: ನಲವತ್ತು ಮಕ್ಕಳ ಪ್ರಯೋಗ

ಮುಖ್ಯ ಅಧ್ಯಯನದಲ್ಲಿ ಇಲ್ಲದ ಒಂದು ತರಗತಿಯನ್ನು ಆರಿಸಿ. ಮುಖ್ಯೋಪಾಧ್ಯಾಯರ ಮತ್ತು ಪೋಷಕರ ಒಪ್ಪಿಗೆ ಪಡೆಯಿರಿ. ಹಾಳೆಯಲ್ಲಿ ಹೆಸರು ಬೇಡ, ಸಂಖ್ಯೆ ಸಾಕು. ಗಣಿತದ ಟೀಚರ್ ಆ ಹೊತ್ತು ಕೋಣೆಯಿಂದ ಹೊರಗೆ ಇರಲಿ. ‘ಟೀಚರ್ ಬೈಯುತ್ತಾರೆ’ ಅನ್ನುವುದಕ್ಕೆ ಟೀಚರ್ ಎದುರಿಗೇ ‘ತುಂಬಾ ನಿಜ’ ಅಂತ ಯಾವ ಮಗು ಹಾಕುತ್ತದೆ ಹೇಳಿ!

ಮೊದಲು ನೋಡಬೇಕಾದದ್ದು ತುಂಬಾ ಸರಳ. ಪ್ರತಿ ವಾಕ್ಯಕ್ಕೆ ಯಾವ ಮನೆಯಲ್ಲಿ ಎಷ್ಟು ಟಿಕ್ ಇವೆ ಅಂತ ಎಣಿಸಿ. ‘ಪಾಠ ಅರ್ಥ ಆಗಲಿ ಅಂತ’ ಅನ್ನುವುದಕ್ಕೆ 40ರಲ್ಲಿ 37 ಮಂದಿ 4 ಹಾಕಿದ್ದರೆ ಆ ವಾಕ್ಯ ಯಾರನ್ನೂ ಯಾರಿಂದಲೂ ಬೇರೆ ಮಾಡುತ್ತಿಲ್ಲ. ಒಪ್ಪಿಗೆಯ ಗುಂಪಿಗೆ ಈ ರೋಗ ಬೇಗ ಹಿಡಿಯುತ್ತದೆ, ಯಾಕೆಂದರೆ ಅಲ್ಲಿನ ಮಾತುಗಳು ಕೇಳಲು ಒಳ್ಳೆಯ ಮಕ್ಕಳ ಮಾತಿನಂತೆ ಇರುತ್ತವೆ. ವಾಕ್ಯವನ್ನು ಸ್ವಲ್ಪ ಬಿಗಿ ಮಾಡಿ: ‘ಟೀಚರ್ ನೋಡದಿದ್ದರೂ, ಪಾಠ ಅರ್ಥ ಆಗಲಿ ಅಂತ ಮಾಡುತ್ತೇನೆ.’

ಆಮೇಲೆ ಪ್ರತಿ ಆಯಾಮದ ನಾಲ್ಕು ವಾಕ್ಯಗಳು ಒಟ್ಟಿಗೆ ನಡೆಯುತ್ತವಾ ಅಂತ ನೋಡುವುದು. ಇದಕ್ಕೆ ಬಳಸುವುದು ಕ್ರಾನ್‌ಬಾಕ್ ಆಲ್ಫಾ. ಎಕ್ಸೆಲ್ ಸಾಕು. B ಇಂದ E ವರೆಗೆ ನಾಲ್ಕು ವಾಕ್ಯಗಳ ಅಂಕ, F ನಲ್ಲಿ ಅವುಗಳ ಮೊತ್ತ, 2ರಿಂದ 41ರವರೆಗೆ ಮಕ್ಕಳು ಅಂತ ಇಟ್ಟುಕೊಳ್ಳಿ. 42ನೇ ಸಾಲಿನಲ್ಲಿ ಪ್ರತಿ ಕಾಲಂನ ವೇರಿಯನ್ಸ್ ಬರಲಿ:

```
B42:  =VAR.S(B2:B41)      (ಹೀಗೇ F42 ವರೆಗೆ)
ಆಲ್ಫಾ: =(4/3)*(1-SUM(B42:E42)/F42)
```

ಲೆಕ್ಕ ಹೇಗೆ ಅಂತ ತೋರಿಸಲು ಅಂಕಿಗಳನ್ನು ನಾನೇ ಇಡುತ್ತೇನೆ. ನಾಲ್ಕು ವಾಕ್ಯಗಳ ವೇರಿಯನ್ಸ್ 0.8, 0.7, 0.9, 0.6 ಇದ್ದರೆ ಮೊತ್ತ 3. ಒಟ್ಟು ಅಂಕದ ವೇರಿಯನ್ಸ್ 7.5 ಇದ್ದರೆ, 3 ÷ 7.5 = 0.4. ಒಂದರಿಂದ ಕಳೆದರೆ 0.6, ಅದಕ್ಕೆ 4/3 ಗುಣಿಸಿದರೆ ಆಲ್ಫಾ 0.8. ವಾಡಿಕೆಯಲ್ಲಿ 0.7 ದಾಟಿದರೆ ಸರಿ ಅನ್ನುತ್ತಾರೆ. ನಾಲ್ಕೇ ವಾಕ್ಯಗಳ ಗುಂಪಿಗೆ 0.65 ಬಂದರೂ ನಾನು ಗಾಬರಿಯಾಗುವುದಿಲ್ಲ. 0.95 ಬಂದರೆ ಒಂದೇ ಮಾತನ್ನು ನಾಲ್ಕು ಸಲ ಕೇಳಿದೆನಾ ಅಂತ ಹಿಂದಕ್ಕೆ ಹೋಗಿ ನೋಡುತ್ತೇನೆ. ಆಲ್ಫಾ ಕಡಿಮೆ ಬಂದರೆ, ಪ್ರತಿ ವಾಕ್ಯಕ್ಕೂ ಉಳಿದ ಮೂರರ ಮೊತ್ತಕ್ಕೂ CORREL ಹಾಕಿ ನೋಡಿ. 0.3ಕ್ಕಿಂತ ಕೆಳಗೆ ಇರುವುದು ಅನುಮಾನದ್ದು. ತೆಗೆಯುವ ಮೊದಲು ಒಮ್ಮೆ ಓದಿ, ಯಾಕೆ ಹೊಂದುತ್ತಿಲ್ಲ ಅಂತ ಹುಡುಕಿ. ಅಂಕಿಯ ಮಾತು ಕೇಳಿಯೇ ಕತ್ತರಿಸುತ್ತಾ ಹೋದರೆ ಆಯಾಮದ ಅರ್ಥವೇ ಕುಗ್ಗಿಹೋಗುತ್ತದೆ.

ಹದಿನಾರಕ್ಕೂ ಸೇರಿಸಿ ಒಂದೇ ಆಲ್ಫಾ ತೆಗೆಯಬೇಡಿ. ಪ್ರಬಂಧಗಳಲ್ಲಿ ಇದನ್ನು ಎಷ್ಟು ಸಲ ನೋಡಿದ್ದೇನೋ! ಹೆದರಿಕೆಯನ್ನೂ ಖುಷಿಯನ್ನೂ ಕೂಡಿಸಿದ ಮೊತ್ತಕ್ಕೆ ಅರ್ಥವೇ ಇಲ್ಲ.

ಇನ್ನೊಂದು ಪರೀಕ್ಷೆ ಸಿದ್ಧಾಂತದ್ದೇ. ಸಾಲಿನಲ್ಲಿ ಅಕ್ಕಪಕ್ಕ ಇರುವ ಆಯಾಮಗಳು ಒಂದಕ್ಕೊಂದು ಹತ್ತಿರ ಇರಬೇಕು, ದೂರದವು ದೂರ ಇರಬೇಕು. ಹೊರ ಒತ್ತಡಕ್ಕೂ ಒಳ ಒತ್ತಡಕ್ಕೂ ಇರುವ ಸಹಸಂಬಂಧ, ಹೊರ ಒತ್ತಡಕ್ಕೂ ಖುಷಿಗೂ ಇರುವುದಕ್ಕಿಂತ ಜಾಸ್ತಿ ಬರಬೇಕು. ಎಲ್ಲವೂ ಎಲ್ಲದರ ಜತೆಗೂ ಸಮನಾಗಿ ಹೊಂದಿಕೊಂಡರೆ, ಮಕ್ಕಳು ವಾಕ್ಯ ಓದದೆ ‘ನಿಜ, ನಿಜ’ ಅಂತ ಹಾಕಿಕೊಂಡು ಹೋಗಿದ್ದಾರೆ ಅನ್ನುವ ಅನುಮಾನ ಬರಬೇಕು.

ಹಂತ 8: ಅಂಕ ಕೊಡುವುದು

ಪ್ರತಿ ಆಯಾಮಕ್ಕೆ ನಾಲ್ಕು ವಾಕ್ಯಗಳ ಸರಾಸರಿ. ಒಂದು ಮಗುವಿಗೆ ಈಗ ನಾಲ್ಕು ಅಂಕ ಇರುತ್ತವೆ. ಒಂದೇ ಅಂಕಿ ಬೇಕೇ ಬೇಕು ಅಂದರೆ ಈ ಬಗೆಯ ಪ್ರಶ್ನಾವಳಿಗೆ ಬಳಸುವ ಸೂತ್ರ ಇದೆ: ಖುಷಿಗೆ +2, ಒಪ್ಪಿಗೆಗೆ +1, ಒಳ ಒತ್ತಡಕ್ಕೆ −1, ಹೊರ ಒತ್ತಡಕ್ಕೆ −2.

ಒಬ್ಬ ಹುಡುಗನ ಹೊರ ಒತ್ತಡ 3.5, ಒಳ ಒತ್ತಡ 3, ಒಪ್ಪಿಗೆ 3, ಖುಷಿ 1.5 ಅಂದುಕೊಳ್ಳಿ. 2×1.5 + 3 − 3 − 2×3.5 = −4. ಇನ್ನೊಬ್ಬಳದು 1.5, 2, 3.5, 3. ಅವಳಿಗೆ 6 + 3.5 − 2 − 3 = 4.5. ಹುಡುಗನನ್ನು ಕೆಲಸಕ್ಕೆ ಹಚ್ಚುತ್ತಿರುವುದು ಹೆಚ್ಚಾಗಿ ಹೊರಗಿನವರು, ಹುಡುಗಿಯನ್ನು ಹಚ್ಚುತ್ತಿರುವುದು ಹೆಚ್ಚಾಗಿ ಅವಳೇ.

ಆದರೆ ಈ ಸೂತ್ರದಲ್ಲಿ ಒಂದು ತೂತು ಇದೆ. ಹದಿನಾರಕ್ಕೂ 4 ಹಾಕಿದ ಮಗುವಿಗೂ 1 ಹಾಕಿದ ಮಗುವಿಗೂ ಬರುವುದು ಸೊನ್ನೆಯೇ. ಎಲ್ಲ ಕಾರಣಗಳಿಂದಲೂ ಜಗ್ಗಲ್ಪಡುವ ಮಗು, ಯಾವ ಕಾರಣವೂ ತಟ್ಟದ ಮಗು, ಸುಮ್ನೆ ಒಂದೇ ಕಾಲಂಗೆ ಗೀಟು ಎಳೆದ ಮಗು, ಮೂವರೂ ಒಂದೇ ಕಡೆ. ಅದಕ್ಕೆ ನಾನು ನಾಲ್ಕು ಅಂಕಗಳನ್ನೂ ಕೋಷ್ಟಕದಲ್ಲಿ ಬೇರೆ ಬೇರೆಯಾಗಿ ಕೊಡುತ್ತೇನೆ, ಸೂತ್ರದ ಅಂಕಿಯನ್ನು ಪಕ್ಕದಲ್ಲಿ ಇಡುತ್ತೇನೆ. ಒಂದೇ ಕಾಲಂ ಗೀಟಿನ ಹಾಳೆಗಳನ್ನು ಮೊದಲೇ ಬೇರೆ ತೆಗೆದು, ಎಷ್ಟು ಅಂತ ವರದಿಯಲ್ಲಿ ಬರೆಯುತ್ತೇನೆ.

ಈಗ ಪ್ರಬಂಧದ ಮೂರನೇ ಅಧ್ಯಾಯಕ್ಕೆ ಬೇಕಾದ ಕಾರ್ಯಾತ್ಮಕ ವ್ಯಾಖ್ಯೆಯನ್ನು ಬರೆಯಬಹುದು: *ಈ ಅಧ್ಯಯನದಲ್ಲಿ ಗಣಿತದ ಅಭಿಪ್ರೇರಣೆ ಎಂದರೆ, ಹೋಮ್‌ವರ್ಕ್ ಮಾಡುವ ಕಾರಣಗಳ ಬಗೆಗಿನ 16 ವಾಕ್ಯಗಳಿಗೆ ಒಂಬತ್ತನೇ ತರಗತಿಯ ವಿದ್ಯಾರ್ಥಿ ನಾಲ್ಕು ಅಂಶಗಳ ಮಾಪಕದಲ್ಲಿ ಕೊಟ್ಟ ಉತ್ತರಗಳಿಂದ, ನಾಲ್ಕು ಆಯಾಮಗಳಿಗೆ ಬೇರೆ ಬೇರೆಯಾಗಿ ತೆಗೆದ ಸರಾಸರಿ ಅಂಕಗಳು.* ‘ವಿದ್ಯಾರ್ಥಿ ಪಡೆದ ಒಟ್ಟು ಅಂಕ’ ಅಂತ ಮಾತ್ರ ಬರೆದರೆ ಹಿಂದಿನ ಏಳು ಹಂತವೂ ಕಾಣೆಯಾಗುತ್ತದೆ.

ಹಂತ 9: ಮಾತಿಗೂ ನಡೆಗೂ ತಾಳೆ

ಪ್ರಶ್ನಾವಳಿ ಮುಗಿಸಿದ ಒಂದೆರಡು ದಿನ ಬಿಟ್ಟು, ಅದೇ ತರಗತಿಗೆ ಹತ್ತು ನಿಮಿಷ ಬಿಡುವು ಕೊಡಿ. ಒಂದು ಮೇಜಿನ ಮೇಲೆ ಲೆಕ್ಕದ ಒಗಟುಗಳ ಹಾಳೆ, ಇನ್ನೊಂದರ ಮೇಲೆ ಕಥೆ ಪುಸ್ತಕ, ಚಿತ್ರ ಬರೆಯುವ ಹಾಳೆ. ಇದಕ್ಕೆ ಅಂಕ ಇಲ್ಲ, ಯಾರೂ ನೋಡುವುದಿಲ್ಲ, ಬೇಕಾದ್ದು ತೆಗೆದುಕೊಳ್ಳಿ ಅನ್ನಿ. ಒಗಟಿನ ಹಾಳೆಯ ಮೂಲೆಯಲ್ಲಿ ತಮ್ಮ ಸಂಖ್ಯೆ ಬರೆದರೆ ಸಾಕು. ಇದು ಪೋಷಕರ ಒಪ್ಪಿಗೆ ಪತ್ರದಲ್ಲಿ ಮೊದಲೇ ಇರಬೇಕು.

ಒಗಟು ಎತ್ತಿಕೊಂಡವರ ಖುಷಿಯ ಸರಾಸರಿ ಉಳಿದವರಿಗಿಂತ ಮೇಲಿದ್ದರೆ ಆ ನಾಲ್ಕು ವಾಕ್ಯಗಳಿಗೆ ಒಂದು ಸಾಕ್ಷಿ ಸಿಕ್ಕಿದ ಹಾಗೆ. ವ್ಯತ್ಯಾಸವೇ ಇಲ್ಲದಿದ್ದರೆ ಪ್ರಶ್ನಾವಳಿಯನ್ನು ತಕ್ಷಣ ದೂರಬೇಡಿ. ಗೆಳತಿ ಎತ್ತಿಕೊಂಡಿದ್ದನ್ನೇ ತಾನೂ ಎತ್ತಿಕೊಂಡವರು ಎಷ್ಟು ಅಂತ ಮೊದಲು ನೋಡಿ. ನಾನು ಮಾಡಿದಾಗ ಒಂದು ಬೆಂಚಿನ ಐದೂ ಜನ ಒಗಟಿನ ಹಾಳೆ ಹಿಡಿದಿದ್ದರು, ಪೆನ್ಸಿಲ್ ಓಡುತ್ತಿದ್ದದ್ದು ಒಬ್ಬಳದು ಮಾತ್ರ. ಆಮೇಲಿಂದ ಹಾಳೆ ತೆಗೆದುಕೊಂಡವರನ್ನು ಎಣಿಸುವುದು ಬಿಟ್ಟೆ. ಅದರಲ್ಲಿ ಕೈ ಹಾಕಿ ಬಿಡಿಸಲು ನೋಡಿದ ಒಗಟುಗಳನ್ನು ಎಣಿಸುತ್ತೇನೆ, ಉತ್ತರ ಸರಿಯೋ ತಪ್ಪೋ ಅಂತ ನೋಡದೆ.